ಹರಡು ಬಾತಿದೆ: ಉಳುಕೋ, ಮುರಿತವೋ? ಬೆರಳಿಟ್ಟು ಪತ್ತೆ ಹಚ್ಚುವ ಬಗೆ

ಪಾದ ಹೊರಳಿ ಅರ್ಧ ಗಂಟೆಯೊಳಗೆ ಹೊರ ಹರಡಿನ ಮುಂದೆ ಅರ್ಧ ಕೋಳಿಮೊಟ್ಟೆ ಇಟ್ಟಂತೆ ಬಾವು ಎದ್ದಿತೆಂದರೆ ಮನೆಯಲ್ಲಿ ಎರಡು ತೀರ್ಪು ಬರುತ್ತವೆ. "ಇಷ್ಟು ಬಾತೈತಿ ಅಂದ್ರ ಎಲುಬು ಮುರಿದೇ ಮುರಿದೈತಿ" ಅನ್ನುವವರು ಒಬ್ಬರು. "ಬೆರಳು ಅಲ್ಲಾಡತಾವಲ್ಲ, ಬರೇ ಉಳುಕು, ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗತೈತಿ" ಅನ್ನುವವರು ಇನ್ನೊಬ್ಬರು. ಎರಡೂ ತೀರ್ಪಿಗೆ ಆಧಾರವಿಲ್ಲ. ಬೆರಳನ್ನು ಆಡಿಸುವ ಮುಖ್ಯ ಸ್ನಾಯುಗಳು ಮೊಣಕಾಲ ಕೆಳಗೆ ಇರುತ್ತವೆ. ಅಲ್ಲಿಂದ ಬರುವ ನಾರಿನಂಥ ಹುರಿಗಳು ಹರಡಿನ ಪಕ್ಕದಲ್ಲಿ ಹಾದು ಬೆರಳನ್ನು ಎಳೆಯುತ್ತವೆ. ಹಾಗಾಗಿ ಹರಡು ಒಡೆದಿದ್ದರೂ ಬೆರಳು ಆಡಬಲ್ಲದು. ಬಾವಿನ ಕತೆಯೂ ಹಾಗೆಯೇ. ಎಲುಬಿಗೆ ಎಲುಬನ್ನು ಬಿಗಿದಿರುವ ನಾರು, ಅಂದರೆ ಲಿಗಮೆಂಟ್, ಹರಿದಾಗ ರಕ್ತ ನೇರ ತೊಗಲ ಕೆಳಗೇ ತುಂಬಿಕೊಂಡು ಬಾವು ದೊಡ್ಡದಾಗಿ ಕಾಣುತ್ತದೆ. ಎಲುಬಿನಲ್ಲಿ ಕೂದಲೆಳೆಯ ಸೀಳು ಬಿಟ್ಟಿದ್ದರೆ ಬಾವು ಸಣ್ಣದೇ ಇರಬಹುದು. "ಟಕ್ ಅಂತ ಸಪ್ಪಳ ಆತು" ಎಂಬುದನ್ನೂ ನೆಚ್ಚಬೇಡಿ. ಲಿಗಮೆಂಟ್ ಹರಿದಾಗಲೂ ಆ ಸಪ್ಪಳ ಬರುತ್ತದೆ.

ಹಾಗಾದರೆ ನೆಚ್ಚಬೇಕಾದ್ದು ಯಾವುದನ್ನು? ಎಲ್ಲಿ ಒತ್ತಿದರೆ ನೋವು ಎಂಬುದನ್ನು, ಮತ್ತು ನಾಲ್ಕು ಹೆಜ್ಜೆಯನ್ನು. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗ ವೈದ್ಯರು 1992ರಲ್ಲಿ ಇದನ್ನೇ ಒಂದು ನಿಯಮವಾಗಿ ಕಟ್ಟಿದರು. ಹರಡು ಹೊರಳಿಸಿಕೊಂಡು ತುರ್ತು ವಿಭಾಗಕ್ಕೆ ಬಂದವರಿಗೆಲ್ಲ ಎಕ್ಸ್-ರೇ ತೆಗೆಯುತ್ತಿದ್ದರು, ಆದರೆ ಮುರಿತ ಸಿಗುತ್ತಿದ್ದದ್ದು ನೂರರಲ್ಲಿ ಹದಿನೈದು ಜನಕ್ಕಿಂತ ಕಡಿಮೆ. ಯಾರಿಗೆ ಎಕ್ಸ್-ರೇ ಬೇಡವೆಂದು ಧೈರ್ಯವಾಗಿ ಹೇಳಬಹುದು ಎಂಬುದು ಅವರ ಪ್ರಶ್ನೆಯಾಗಿತ್ತು. ಜಗತ್ತಿನ ಹಲವೆಡೆ ಈ ನಿಯಮವನ್ನು ಪರೀಕ್ಷಿಸಿದ ಅಧ್ಯಯನಗಳನ್ನು 2003ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನಿಯಮ "ಎಕ್ಸ್-ರೇ ಬೇಡ" ಎಂದ ನೂರು ಜನರಲ್ಲಿ ಮುರಿತ ತಪ್ಪಿಹೋಗಿದ್ದದ್ದು ಇಬ್ಬರಿಗಿಂತ ಕಡಿಮೆ. ಕೆಳಗಿರುವುದು ಅದೇ ಪರೀಕ್ಷೆ, ಮನೆಯಲ್ಲಿ, ಹೊಲದಲ್ಲಿ ಮಾಡಿ ನೋಡುವ ಹಾಗೆ.

ಮೊದಲು ಕಣ್ಣು

ಗಾಯವಾದವರನ್ನು ಹೊರಸಿನ ಮೇಲೋ ಕಟ್ಟೆಯ ಮೇಲೋ ಕೂರಿಸಿ ಎರಡೂ ಕಾಲು ಚಾಚಿಸಿ. ಕಾಲ್ಗೆಜ್ಜೆ, ಕಾಲುಂಗುರ ಈಗಲೇ ತೆಗೆಯಿರಿ. ಎರಡು ತಾಸು ಕಳೆದರೆ ಕಾಲುಂಗುರ ಕತ್ತರಿಸಿಯೇ ತೆಗೆಯಬೇಕಾದೀತು. ಆಮೇಲೆ ಎರಡೂ ಪಾದಗಳನ್ನು ಪಕ್ಕಪಕ್ಕ ನೋಡಿ.

ಪಾದ ಮೊಣಕಾಲಿನ ನೇರಕ್ಕೆ ಇಲ್ಲದೆ ಒಂದು ಕಡೆಗೆ ಸರಿದಿದೆಯೇ, ತಿರುಗಿ ನಿಂತಿದೆಯೇ? ಹರಡಿನ ಎಲುಬು ಒಳಗಿನಿಂದ ತೊಗಲನ್ನು ದಬ್ಬಿ, ಆ ಜಾಗ ಬೆಳ್ಳಗೆ ಬಿಗಿದುಕೊಂಡಿದೆಯೇ? ಗಾಯದಿಂದ ರಕ್ತ ಸೋರುತ್ತಾ ಒಳಗಿನ ಎಲುಬು ಕಾಣುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಮುಂದಿನ ಯಾವ ಪರೀಕ್ಷೆಯೂ ಬೇಡ. ಒತ್ತುವುದೂ ಬೇಡ, ನಡೆಸುವುದೂ ಬೇಡ. ಕೀಲು ತಪ್ಪಿ ಎಲುಬು ಮುರಿದಿರುವ ಕಾಲು ಅದು; ಬಿಗಿದ ತೊಗಲು ರಕ್ತವಿಲ್ಲದೆ ಕೆಲವೇ ತಾಸಿನಲ್ಲಿ ಸತ್ತುಹೋಗಬಹುದು. ಪಾದ ಹೇಗಿದೆಯೋ ಹಾಗೇ ಒಂದು ಮೆತ್ತನೆಯ ದಿಂಬಿನಲ್ಲಿ ಸುತ್ತಿ, ಹರಡಿನ ಮೇಲೊಂದು ಕೆಳಗೊಂದು ಟವೆಲ್ ಕಟ್ಟಿ, ಬೆರಳ ತುದಿ ಮಾತ್ರ ಹೊರಗೆ ಕಾಣುವಂತೆ ಬಿಟ್ಟು 108ಕ್ಕೆ ಕರೆ ಮಾಡಿ. ನೇರ ಮಾಡಲು ಹೋಗಬೇಡಿ. ಆಪರೇಷನ್‌ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಚಹಾ ಸಹ ಕುಡಿಸಬೇಡಿ.

ಬಳಿಕ ಬೆರಳುಗಳ ರಕ್ತ ಸಂಚಾರ. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಬಿಳುಪು ಎರಡು ಸೆಕೆಂಡಿನಲ್ಲಿ ಹೋಗಿ ಕೆಂಪು ಮರಳಬೇಕು. ಪಾದ ತಣ್ಣಗಿದ್ದು, ಬೆರಳು ಮರಗಟ್ಟಿದ್ದರೆ ಅದೂ ಮೇಲಿನ ತುರ್ತಿನ ಸಾಲಿಗೇ ಸೇರುತ್ತದೆ.

ಕಣ್ಣಿಗೆ ಕಾಣುವ ಉಳಿದ ಗುರುತುಗಳಲ್ಲಿ ನೀಲಿಗಟ್ಟಿದ ಕಲೆ ಜನರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಆದರೆ ಅದರಿಂದ ತಿಳಿಯುವುದು ಕಡಿಮೆ. ಉಳುಕಿನಲ್ಲೂ ಮುರಿತದಲ್ಲೂ ಮರುದಿನ ಅಥವಾ ಅದರ ಮರುದಿನ ರಕ್ತ ಕೆಳಗಿಳಿದು ಹಿಮ್ಮಡಿಯ ಬದಿಗೆ, ಬೆರಳ ಬುಡಕ್ಕೆ ನೀಲಿಯಾಗಿ ಹರಡುತ್ತದೆ. ಗಮನ ಕೊಡಬೇಕಾದ್ದು ಅಂಗಾಲಿನ ನಡುವೆ, ಕಮಾನಿನ ಜಾಗದಲ್ಲಿ ಬರುವ ನೀಲಿ. ಅಲ್ಲಿ ಕಲೆ ಕಂಡರೆ ಪಾದದ ನಡುಭಾಗದ ಕೀಲು ಬಿಟ್ಟುಕೊಂಡಿರುವ ಸಂದೇಹ ಬಲವಾಗಿರುತ್ತದೆ, ಹರಡಿನ ಬಾವು ಎಷ್ಟೇ ಇರಲಿ. ಹಾಗೆಯೇ ಹೊರ ಹರಡಿನ ಜೊತೆಗೆ ಒಳ ಹರಡೂ ಬಾತು ನೋಯುತ್ತಿದ್ದರೆ ಸುಮ್ಮನೆ ಬಿಡಬೇಡಿ. ಎರಡೂ ಬದಿಗೆ ಪೆಟ್ಟಾದ ಕೀಲು ಸಡಿಲವಾಗಿರಬಹುದು.

ಒತ್ತುವುದು ಎಲ್ಲಿ, ಎಲ್ಲಿ ಅಲ್ಲ

ಕೈಪಿಡಿಯ ಜೀವ ಇರುವುದು ಇಲ್ಲಿ. ಹೆಚ್ಚಿನವರು ಬಾವಿನ ಮೇಲೇ ಬೆರಳಿಟ್ಟು ಒತ್ತುತ್ತಾರೆ, ಗಾಯವಾದವರು ಚೀರುತ್ತಾರೆ, "ಮುರಿದೈತಿ" ಎಂದಾಗುತ್ತದೆ. ಆ ಜಾಗ ನೋಯಲೇಬೇಕು. ಪಾದ ಒಳಮುಖವಾಗಿ ಹೊರಳಿದಾಗ ಮೊದಲು ಹರಿಯುವ ಲಿಗಮೆಂಟು ಹೊರ ಹರಡಿನ ಮುಂದಿನ ಅಂಚಿನಿಂದ ಪಾದದ ಕಡೆಗೆ ಹೋಗುತ್ತದೆ. ಬಾವು ಏಳುವುದೂ ಅಲ್ಲೇ, ನೋವು ಇರುವುದೂ ಅಲ್ಲೇ. ಆದ್ದರಿಂದ ಹರಡಿನ ಮುಂದೆ ಮತ್ತು ಅದರ ಕೆಳಗೆ ಒತ್ತಿ ಬಂದ ನೋವು ಉಳುಕನ್ನೂ ಮುರಿತವನ್ನೂ ಬೇರೆ ಮಾಡುವುದಿಲ್ಲ.

ಬೇರೆ ಮಾಡುವುದು ಹರಡಿನ ಹಿಂದಿನ ಅಂಚು. ಉಳುಕಿನಲ್ಲಿ ಹರಿಯುವ ಲಿಗಮೆಂಟು ಅಲ್ಲಿಗೆ ಅಂಟಿಕೊಂಡಿರುವುದಿಲ್ಲ. ಅಲ್ಲಿ ಬೆರಳಿಗೆ ಸಿಗುವುದು ಎಲುಬೇ. ಮುಂದೆ ನೋವಿದ್ದು ಹಿಂದಿನ ಅಂಚು ಸುಮ್ಮನಿದ್ದರೆ ಉಳುಕಿನ ಕಡೆ ತಕ್ಕಡಿ ವಾಲುತ್ತದೆ. ಹಿಂದಿನ ಅಂಚೂ ನೋಯುತ್ತಿದ್ದರೆ ಎಕ್ಸ್-ರೇ ಬೇಕು.

ಒತ್ತಬೇಕಾದ ಜಾಗ ನಾಲ್ಕು. ಹೊರ ಹರಡಿನ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರಿನಷ್ಟು ಉದ್ದದ ಹಿಂದಿನ ಅಂಚು ಮತ್ತು ಆ ತುದಿ ಒಂದನೆಯದು. ಒಳ ಹರಡಿನಲ್ಲೂ ಅಷ್ಟೇ ಉದ್ದದ ಹಿಂದಿನ ಅಂಚು ಮತ್ತು ತುದಿ ಎರಡನೆಯದು. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ, ಅಂದಾಜಿನ ಬೆರಳಳತೆ ಬೇಡ. ಮೂರನೆಯದು ಪಾದದ ಹೊರ ಅಂಚಿನಲ್ಲಿದೆ. ಕಿರುಬೆರಳಿನ ಬುಡದಿಂದ ಹಿಮ್ಮಡಿಯ ಕಡೆಗೆ ಅಂಚನ್ನು ಸವರುತ್ತಾ ಬಂದರೆ ಸುಮಾರು ಅರ್ಧ ದಾರಿಯಲ್ಲಿ ಒಂದು ಗುಬ್ಬಿ ಎಲುಬು ಕೈಗೆ ತಾಗುತ್ತದೆ. ಕಿರುಬೆರಳಿಗೆ ಸೇರಿದ ಉದ್ದ ಎಲುಬಿನ ಬುಡ ಅದು. ನಾಲ್ಕನೆಯದು ಪಾದದ ಒಳಬದಿಯಲ್ಲಿ, ಒಳ ಹರಡಿನ ಮುಂದೆ ಸ್ವಲ್ಪ ಕೆಳಗೆ, ಕಮಾನಿನ ನೆತ್ತಿಯ ಬಳಿ ಉಬ್ಬಿರುವ ದೋಣಿಯಾಕಾರದ ಸಣ್ಣ ಎಲುಬು. ಕೊನೆಯ ಎರಡು ಜಾಗದಲ್ಲಿ ನೋವಿದ್ದರೆ ಬೇಕಾಗುವುದು ಹರಡಿನ ಚಿತ್ರವಲ್ಲ, ಪಾದದ ಚಿತ್ರ.

ಒತ್ತುವ ರೀತಿಯಲ್ಲಿಯೂ ತಪ್ಪಾಗುತ್ತದೆ. ಮೊದಲು ಚೆನ್ನಾಗಿರುವ ಕಾಲಿನ ಅದೇ ಜಾಗವನ್ನು ಒತ್ತಿ ತೋರಿಸಿ. ಕೆಲವರಿಗೆ ಎಲ್ಲಿ ಒತ್ತಿದರೂ ಸ್ವಲ್ಪ ನೋವೇ, ಅದು ಎಷ್ಟೆಂದು ತಿಳಿದಿರಬೇಕು. ಬಳಿಕ ಪೆಟ್ಟಾದ ಕಾಲಿನಲ್ಲಿ ಬಾವಿನಿಂದ ದೂರ, ಮೊಣಕಾಲಿನ ಕೆಳಗಿನಿಂದ ಶುರು ಮಾಡಿ ಹಿಂದಿನ ಅಂಚಿನಗುಂಟ ಬೆರಳ ಅಗಲಕ್ಕೊಮ್ಮೆ ಒತ್ತುತ್ತಾ ಕೆಳಗಿಳಿಯಿರಿ. ನೇರ ನೋವಿನ ಜಾಗಕ್ಕೇ ಕೈ ಹಾಕಿದರೆ ಆ ಮನುಷ್ಯ ಆಮೇಲೆ ಎಲ್ಲಿ ಮುಟ್ಟಿದರೂ ಕಾಲೆಳೆದುಕೊಳ್ಳುತ್ತಾನೆ, ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಒತ್ತುವ ಬಲ ನಿಮ್ಮ ಹೆಬ್ಬೆರಳ ಉಗುರಿನ ತುದಿ ಬೆಳ್ಳಗಾಗುವಷ್ಟು ಇರಲಿ. ಬಾವು ದಪ್ಪಗಿದ್ದರೆ ಅರ್ಧ ನಿಮಿಷ ಹಾಗೇ ಒತ್ತಿ ಹಿಡಿದರೆ ನೀರು ಪಕ್ಕಕ್ಕೆ ಸರಿದು ಎಲುಬಿನ ಅಂಚು ಸಿಗುತ್ತದೆ. ಎಷ್ಟು ಒತ್ತಿದರೂ ಎಲುಬು ಸಿಗದಷ್ಟು ಬಾವು ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಎಕ್ಸ್-ರೇಗೆ ಹೋಗಿ. "ಇಲ್ಲಿ ನೋವೈತೇನು?" ಎಂದು ಪ್ರತಿ ಸಲ ಕೇಳುವುದಕ್ಕಿಂತ ಮುಖ ನೋಡಿ; ಹುಬ್ಬು ಗಂಟಿಕ್ಕುವುದು ಬಾಯಿಗಿಂತ ಮೊದಲು ಹೇಳುತ್ತದೆ.

ನಾಲ್ಕು ಜಾಗದ ಆಚೆ ಒಂದನ್ನು ನಾವು ಬಿಡುವುದಿಲ್ಲ: ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗಿರುವ ಗುಬ್ಬಿ ಎಲುಬು. ಹರಡು ಬಲವಾಗಿ ತಿರುಚಿದಾಗ ಪೆಟ್ಟು ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ಹೊರಬದಿಯ ಸಣ್ಣದರಗುಂಟ ಮೇಲಕ್ಕೇರಿ ಅಲ್ಲಿ ಮುರಿಯುವುದುಂಟು. ಹರಡಿನ ಎಕ್ಸ್-ರೇಯಲ್ಲಿ ಆ ಜಾಗ ಬರುವುದೇ ಇಲ್ಲ. ಅಲ್ಲಿ ನೋವಿದ್ದರೆ ಇಡೀ ಮೊಣಕಾಲ ಕೆಳಗಿನ ಚಿತ್ರ ಕೇಳಬೇಕು.

ನಾಲ್ಕು ಹೆಜ್ಜೆ

ಒತ್ತುವ ಪರೀಕ್ಷೆ ಮುಗಿದು ಎಲುಬಿನಲ್ಲಿ ನೋವಿಲ್ಲ ಎಂದಾದರೆ ಮಾತ್ರ ಎಬ್ಬಿಸಿ ನಿಲ್ಲಿಸಿ. ಯಾರ ಹೆಗಲನ್ನೂ ಹಿಡಿಯದೆ ನಾಲ್ಕು ಹೆಜ್ಜೆ, ಅಂದರೆ ಪೆಟ್ಟಾದ ಕಾಲ ಮೇಲೆ ಎರಡು ಸಲ ಮೈಭಾರ ಬೀಳಬೇಕು. ಕುಂಟಿದರೂ ಅದು ನಡೆದಂತೆಯೇ. ನಿಯಮ ಕೇಳುವ ಪ್ರಶ್ನೆ ಎರಡು: ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಬಂದಿತ್ತೇ, ಈಗ ಬರುತ್ತದೆಯೇ? ಎರಡು ಸಲವೂ ಆಗಲಿಲ್ಲವೆಂದರೆ ಎಕ್ಸ್-ರೇ ಬೇಕು. ಆಗ ನಡೆದು ಈಗ ಆಗದಿದ್ದರೆ ಈ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ. ಬಾವು ಬಂದ ಮೇಲೆ ಉಳುಕಿನ ಕಾಲೂ ಭಾರ ಹೊರಲಾರದು. ಆಗ ತೀರ್ಪು ಒತ್ತುವ ಜಾಗಗಳ ಮೇಲೇ ನಿಂತಿರುತ್ತದೆ. ಇನ್ನು "ನಡೆದಾನ, ಅದಕ್ಕ ಮುರಿದಿಲ್ಲ" ಎಂಬ ಮಾತು ಪೂರ್ತಿ ತಪ್ಪು. ಕಿರುಬೆರಳ ಬುಡ ಮುರಿದವರು ಕುಂಟುತ್ತಾ ಸಂತೆ ಮುಗಿಸಿಕೊಂಡು ಬರುತ್ತಾರೆ.

ಒಂದು ಕಾಲು, ಹಂತ ಹಂತವಾಗಿ

ಗಂಗಾವತಿ ಕಡೆ, ಎಡದಂಡೆ ಕಾಲುವೆಯ ನೀರಿನಲ್ಲಿ ಆಗಸ್ಟ್ ತಿಂಗಳ ನಾಟಿ ನಡೆದಿದೆ ಎಂದುಕೊಳ್ಳಿ. ಸಸಿ ಕಟ್ಟು ಹೊತ್ತ 42 ವರ್ಷದ ಹೆಣ್ಣುಮಗಳ ಬಲಗಾಲು ಸಂಜೆ ನಾಲ್ಕಕ್ಕೆ ತೋಯ್ದ ಬದುವಿನ ಮೇಲೆ ಜಾರಿ ಒಳಗೆ ಹೊರಳಿತು. ಎದ್ದು ಕುಂಟುತ್ತಾ ಟಂಟಂವರೆಗೆ ನಡೆದಳು. ರಾತ್ರಿ ಹೊರ ಹರಡಿನ ಮುಂದೆ ಬಾವು. ಬೆಳಿಗ್ಗೆ ಕಾಲೂರಲು ಆಗುತ್ತಿಲ್ಲ. ನಾದಿನಿ ಕೂತು ನೋಡುತ್ತಾಳೆ.

ಪಾದ ನೇರವಿದೆ, ಬೆರಳು ಬೆಚ್ಚಗಿದೆ, ಉಗುರಿನ ಕೆಂಪು ಕೂಡಲೇ ಮರಳುತ್ತದೆ. ತುರ್ತು ಇಲ್ಲ. ಬಾವಿರುವುದು ಹರಡಿನ ಮುಂದೆ. ಪಾದದ ಹೊರ ಅಂಚಿನಲ್ಲೂ ತೆಳುವಾಗಿ ಊದಿದೆ. ಈ ಎರಡನೆಯ ಬಾವನ್ನು ಮನೆಯವರು ಗಮನಿಸಿರಲಿಲ್ಲ, ಏಕೆಂದರೆ ಮೊದಲನೆಯದು ಕಣ್ಣು ಸೆಳೆಯುತ್ತಿತ್ತು.

ಮೊಣಕಾಲ ಕೆಳಗಿನಿಂದ ಒತ್ತುತ್ತಾ ಇಳಿದರೆ ಮೇಲೆಲ್ಲೂ ನೋವಿಲ್ಲ. ಹೊರ ಹರಡಿನ ಹಿಂದಿನ ಅಂಚು, 6 ಸೆಂಟಿಮೀಟರ್ ಗುರುತಿನಿಂದ ತುದಿಯವರೆಗೆ, ಸುಮ್ಮನಿದೆ. ಹರಡಿನ ಮುಂದೆ ಒತ್ತಿದಾಗ "ಅಯ್ಯೋ, ಅಲ್ಲೇ ಬ್ಯಾಡವ್ವ" ಎಂದು ಕೈ ತಳ್ಳುತ್ತಾಳೆ. ಅದು ಹರಿದ ಲಿಗಮೆಂಟು, ಲೆಕ್ಕಕ್ಕಿಲ್ಲ. ಒಳ ಹರಡು, ದೋಣಿ ಎಲುಬು ಎರಡೂ ಸರಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಉಳುಕು ಎಂದು ಎದ್ದುಬಿಡುತ್ತಿದ್ದರು. ಕೊನೆಯದಾಗಿ ಪಾದದ ಹೊರ ಅಂಚಿನ ಗುಬ್ಬಿಯ ಮೇಲೆ ಹೆಬ್ಬೆರಳಿಟ್ಟ ಕೂಡಲೇ ಇಡೀ ಕಾಲನ್ನು ಎಳೆದುಕೊಂಡಳು. ಎಡಗಾಲಿನ ಅದೇ ಗುಬ್ಬಿ ಒತ್ತಿದರೆ ಏನೂ ಇಲ್ಲ.

ನಡಿಗೆಯ ಲೆಕ್ಕ ಇಲ್ಲಿ ಸಹಾಯ ಮಾಡುವುದಿಲ್ಲ: ನಿನ್ನೆ ನಡೆದಿದ್ದಾಳೆ, ಇವತ್ತು ಆಗುತ್ತಿಲ್ಲ. ಗುಬ್ಬಿಯ ನೋವೊಂದೇ ಸಾಕು, ಪಾದದ ಎಕ್ಸ್-ರೇ ಬೇಕು. ಹೀಗೇಕಾಗುತ್ತದೆ ಎಂದರೆ, ಮೀನಖಂಡದ ಹೊರಬದಿಯ ಒಂದು ಸ್ನಾಯುವಿನ ಹುರಿ ಹರಡಿನ ಹಿಂದೆ ಹಾದು ಇದೇ ಗುಬ್ಬಿಗೆ ಬಂದು ಕಚ್ಚಿಕೊಂಡಿದೆ. ಪಾದ ಒಳಗೆ ಹೊರಳಿದಾಗ ಅದನ್ನು ತಡೆಯಲು ಆ ಸ್ನಾಯು ಜಗ್ಗುತ್ತದೆ, ಗುಬ್ಬಿಯ ಚೂರು ಕಿತ್ತು ಬರುತ್ತದೆ. ಹರಡು ಉಳುಕುವ ಅದೇ ಚಲನೆ ಪಾದದ ಎಲುಬನ್ನೂ ಮುರಿಯುತ್ತದೆ. ಅದಕ್ಕೇ ಇವೆರಡು ಜೊತೆಯಾಗಿ ಬರುವುದು, ಎರಡನೆಯದು ತಪ್ಪಿಹೋಗುವುದು.

ಎಕ್ಸ್-ರೇ ಸೆಂಟರಿನಲ್ಲಿ "ಹರಡು ಬಾತೈತಿ" ಎಂದರೆ ಹರಡಿನ ಫಿಲ್ಮ್ ಮಾತ್ರ ತೆಗೆದು ಕಳಿಸಬಹುದು. ಚೀಟಿಯಲ್ಲಿ ಪಾದ ಎಂದು ಬೇರೆಯಾಗಿ ಬರೆಸಿ, ನೋವಿನ ಗುಬ್ಬಿಯ ಮೇಲೆ ಪೆನ್ನಿನ ಚುಕ್ಕೆ ಇಟ್ಟು ಡಾಕ್ಟರಿಗೂ ತೋರಿಸಿ. ಚಿತ್ರದಲ್ಲಿ ಗುಬ್ಬಿಯ ತುದಿಯ ಚೂರಷ್ಟೇ ಕಿತ್ತಿದ್ದರೆ ಸಾಮಾನ್ಯವಾಗಿ ಗಟ್ಟಿ ಅಟ್ಟೆಯ ಬೂಟು ಹಾಕಿ, ನೋವು ತಡೆದಷ್ಟು ಭಾರ ಬಿಟ್ಟು ನಡೆಯುತ್ತಲೇ ಕೂಡಿಕೊಳ್ಳುತ್ತದೆ. ಆದರೆ ಸೀಳು ಗುಬ್ಬಿಯಿಂದ ಒಂದೂವರೆ ಸೆಂಟಿಮೀಟರಿನಷ್ಟು ಬೆರಳಿನ ಕಡೆಗೆ ಸರಿದಿದ್ದರೆ ವಿಷಯ ಬೇರೆ. ಆ ಜಾಗಕ್ಕೆ ರಕ್ತ ಪೂರೈಕೆ ಕಡಿಮೆ, ಎಲುಬು ಕೂಡದೆ ಉಳಿಯುವ ಅಪಾಯವಿದೆ. ಭಾರ ಬಿಡದಂತೆ ಕಟ್ಟಬೇಕು, ಕೆಲವೊಮ್ಮೆ ಸ್ಕ್ರೂ ಹಾಕಬೇಕು. ಎರಡಕ್ಕೂ ಒತ್ತಿದಾಗಿನ ನೋವು ಒಂದೇ ರೀತಿ. ಬೆರಳು ಮುರಿತದ ಸಂದೇಹ ಹುಟ್ಟಿಸಬಲ್ಲದು, ಯಾವ ಮುರಿತ ಎಂಬುದನ್ನು ಫಿಲ್ಮೇ ಹೇಳಬೇಕು.

ಒಂದು ಮಾತು ನೆನಪಿರಲಿ. ಒತ್ತಿದಾಗ ನೋವಿದ್ದವರಲ್ಲಿ ಹೆಚ್ಚಿನವರಿಗೆ ಎಕ್ಸ್-ರೇಯಲ್ಲಿ ಮುರಿತ ಸಿಗುವುದಿಲ್ಲ. ಈ ಪರೀಕ್ಷೆಯ ಬಲವಿರುವುದು "ಇಲ್ಲ" ಎನ್ನುವುದರಲ್ಲಿ, "ಇದೆ" ಎನ್ನುವುದರಲ್ಲಲ್ಲ. ಫಿಲ್ಮ್ ತೆಗೆಸಿ ಏನೂ ಇಲ್ಲವೆಂದು ಬಂದರೆ ದುಡ್ಡು ದಂಡ ಎಂದುಕೊಳ್ಳಬೇಡಿ.

ಈ ಲೆಕ್ಕ ತಪ್ಪುವ ಕಾಲುಗಳು

ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದ್ದು ಪಾದ ಜೋಮು ಹಿಡಿದಿರುವವರಲ್ಲಿ ಒತ್ತಿದರೆ ನೋವಾಗುವುದಿಲ್ಲ, ಮುರಿದ ಕಾಲಲ್ಲೇ ನಡೆಯುತ್ತಾರೆ. ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುವುದಿಲ್ಲ ಎನ್ನುವವರು ಈ ಗುಂಪಿಗೆ ಸೇರಿದವರು. ಅಂಥವರ ಪಾದ ಬಾತು, ಕೆಂಪಗೆ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ನೋವಿಲ್ಲದಿದ್ದರೂ ಚಿತ್ರ ತೆಗೆಸಬೇಕು. ಕುಡಿದವರಲ್ಲಿ, ತಲೆಗೆ ಪೆಟ್ಟಾದವರಲ್ಲಿ, ಮೈಯ ಇನ್ನೊಂದು ಕಡೆ ದೊಡ್ಡ ಗಾಯವಾಗಿ ಕಾಲಿನ ಕಡೆ ಗಮನವೇ ಇಲ್ಲದವರಲ್ಲಿಯೂ ನಿಯಮ ನಡೆಯುವುದಿಲ್ಲ. ನೋವಿನ ಸೂಜಿ ಮಾಡಿಸಿಕೊಂಡು ಬಂದವರ ಉತ್ತರವೂ ಮಸುಕಾಗಿರುತ್ತದೆ. ಸಾಧ್ಯವಿದ್ದರೆ ಸೂಜಿಗೆ ಮೊದಲೇ ಒತ್ತಿ ನೋಡಿ.

ಮಕ್ಕಳ ಕಾಲು ಬೇರೆ. ಬೆಳೆಯುತ್ತಿರುವ ಎಲುಬಿನ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪಟ್ಟಿ ಇರುತ್ತದೆ, ಅದಕ್ಕಿಂತ ಲಿಗಮೆಂಟೇ ಗಟ್ಟಿ. ದೊಡ್ಡವರಲ್ಲಿ ಲಿಗಮೆಂಟ್ ಹರಿಯುವ ಪೆಟ್ಟಿಗೆ ಮಕ್ಕಳಲ್ಲಿ ಆ ಪಟ್ಟಿ ಬಿರಿಯಬಹುದು. ಹೊರ ಹರಡಿನ ತುದಿಯಿಂದ ಹೆಬ್ಬೆರಳಗಲ ಮೇಲೆ, ಎಲುಬಿನ ಸುತ್ತ ಒತ್ತಿದಾಗ ನೋವಿದ್ದರೆ ಅದು ಈ ಪಟ್ಟಿಯ ಜಾಗ. ಎಕ್ಸ್-ರೇಯಲ್ಲಿ ಏನೂ ಕಾಣದೆಯೂ ಅದು ಬಿರಿದಿರಬಹುದು. ಅದಕ್ಕೇ ಫಿಲ್ಮ್ ಸರಿಯಿದ್ದರೂ ಡಾಕ್ಟರು ಬ್ಯಾಂಡೇಜ್ ಕಟ್ಟಿ ಮತ್ತೆ ಬರಲು ಹೇಳುತ್ತಾರೆ, "ಏನೂ ಇಲ್ಲಂದ್ರ ಬ್ಯಾಂಡೇಜ್ ಯಾಕ?" ಎಂದು ಬಿಚ್ಚಬೇಡಿ.

ಹೊರಳಿದ ರೀತಿಯನ್ನೂ ಕೇಳಿ. ರಾಯಚೂರು ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಪಾದ ಸಿಕ್ಕಿಕೊಂಡು ಮೈ ಮಾತ್ರ ತಿರುಗಿದರೆ ಪೆಟ್ಟು ಬೀಳುವುದು ಹರಡಿನ ಮೇಲಿನ ಭಾಗಕ್ಕೆ, ಎರಡು ಎಲುಬುಗಳನ್ನು ಜೊತೆಗೆ ಹಿಡಿದಿರುವ ಬಂಧಕ್ಕೆ. ಇಲ್ಲಿ ಬಾವು ಕಡಿಮೆ, ಕೇಡು ಹೆಚ್ಚು. ಮೀನಖಂಡದ ನಡುವೆ ಎರಡೂ ಎಲುಬುಗಳನ್ನು ಅಂಗೈಗಳಿಂದ ಅದುಮಿದಾಗ ಕೆಳಗೆ ಹರಡಿನಲ್ಲಿ ನೋವು ಚಿಮ್ಮಿದರೆ ಆ ಬಂಧ ಹರಿದಿರುವ ಸಂದೇಹವಿದೆ, ಉಳುಕಿನ ಮದ್ದು ಸಾಲದು. ಗೋಡೆ, ಟ್ರ್ಯಾಕ್ಟರ್, ಮರದಿಂದ ಹಿಮ್ಮಡಿಯ ಮೇಲೆ ಬಿದ್ದವರಿಗೆ ಈ ನಿಯಮವನ್ನೇ ಬಳಸಬೇಡಿ. ಅಲ್ಲಿ ನೋಡಬೇಕಾದ್ದು ಹಿಮ್ಮಡಿ ಎಲುಬು ಮತ್ತು ಸೊಂಟದ ಮೇಲಿನ ಬೆನ್ನು.

ಎಳೆಯುವುದು, ತಿಕ್ಕುವುದು, ಬಿಗಿದು ಕಟ್ಟುವುದು

ಮುರಿತವಿಲ್ಲವೆಂದು ಗೊತ್ತಾಗುವ ಮೊದಲು ಕಾಲು ಹಿಡಿದು ಜಗ್ಗುವುದರಿಂದ ನೆಟ್ಟಗೆ ಇದ್ದ ಸೀಳು ಸರಿದುಹೋಗಬಹುದು. ಪ್ಲಾಸ್ಟರಿನಲ್ಲಿ ಮುಗಿಯಬೇಕಾದ್ದು ಆಪರೇಷನ್ನಿಗೆ ಹೋಗುತ್ತದೆ. ತತ್ತಿಯ ಬಿಳಿ ಮತ್ತು ಹಿಟ್ಟಿನ ಲೇಪ ಹಾಕಿ ಬಿದಿರ ಸೀಳಿನಿಂದ ಬಿಗಿಯುವ ಕಟ್ಟಿನ ತೊಂದರೆ ಲೇಪದ್ದಲ್ಲ, ಗಡಸುತನದ್ದು. ಮೊದಲ ಎರಡು ದಿನ ಬಾವು ಏರುತ್ತಲೇ ಇರುತ್ತದೆ. ಒಣಗಿ ಗಟ್ಟಿಯಾದ ಕಟ್ಟು ಹಿಗ್ಗುವುದಿಲ್ಲ. ಬೆರಳು ಊದಿ ನೀಲಿಗಟ್ಟಿದರೆ, ಮುಟ್ಟಿದ್ದು ಗೊತ್ತಾಗದಿದ್ದರೆ, ಬೆರಳನ್ನು ಮೇಲಕ್ಕೆ ಬಾಗಿಸಿದಾಗ ಮೀನಖಂಡದಲ್ಲಿ ತಡೆಯಲಾರದ ನೋವು ಬಂದರೆ, ರಾತ್ರಿಯಾಗಿದ್ದರೂ ಕಟ್ಟನ್ನು ಪೂರ್ತಿ ಕತ್ತರಿಸಿ ತೆಗೆದು ಆಸ್ಪತ್ರೆಗೆ ಹೋಗಿ. ಉಪ್ಪಿನ ಗಂಟಿನ ಕಾವು ಮೊದಲ ಎರಡು ದಿನ ಬೇಡ, ಬಾವು ಹೆಚ್ಚುತ್ತದೆ. ಬದಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಮಲಗಿದಾಗ ಪಾದ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಲಿ. ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಬೇಕು, ಹರಡಿನಿಂದ ಕೆಳಕ್ಕಲ್ಲ.

ಫಿಲ್ಮ್ ಕೈಗೆ ಬಂದ ಮೇಲೆ

ಹರಡಿಗೆ ಎಕ್ಸ್-ರೇ ಎಂದರೆ ಮೂರು ನೋಟ: ಎದುರಿನಿಂದ, ಬದಿಯಿಂದ, ಮತ್ತು ಪಾದವನ್ನು 15–20 ಡಿಗ್ರಿ ಒಳಕ್ಕೆ ತಿರುಗಿಸಿ ಎದುರಿನಿಂದ. ಸಣ್ಣ ಸೆಂಟರುಗಳಲ್ಲಿ ಮೊದಲಿನ ಎರಡನ್ನೇ ತೆಗೆದು ಕಳಿಸುವುದುಂಟು. ಕೀಲಿನ ಸುತ್ತಲಿನ ಸಂದು ಸಮನಾಗಿದೆಯೇ, ಬಂಧ ಬಿಟ್ಟಿದೆಯೇ ಎಂಬುದು ಸರಿಯಾಗಿ ಕಾಣುವುದು ಮೂರನೆಯದರಲ್ಲಿ, ಅದನ್ನು ಕೇಳಿ ತೆಗೆಸಿ.

ಒತ್ತಿದಾಗ ಎಲ್ಲೂ ಎಲುಬಿನ ನೋವಿಲ್ಲದೆ, ನಾಲ್ಕು ಹೆಜ್ಜೆಯೂ ಬಂದು, ಮನೆಯಲ್ಲೇ ಉಳಿದವರು ಐದರಿಂದ ಏಳು ದಿನದ ಮೇಲೂ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹರಡಿನ ಒಳಗಿನ ಎಲುಬಿನ ಮೇಲ್ಮೈಯ ಸಣ್ಣ ಸೀಳು ಬೆರಳಿಗೆ ಸಿಗುವ ಜಾಗದಲ್ಲಿರುವುದಿಲ್ಲ, ಮೊದಲ ಫಿಲ್ಮಿನಲ್ಲಿ ಕೆಲವೊಮ್ಮೆ ಕಾಣುವುದೂ ಇಲ್ಲ. ಪೆಟ್ಟಾಗಿ ಹತ್ತು ದಿನ ದಾಟಿದವರ ಮೇಲೆ ಈ ಪರೀಕ್ಷೆಯನ್ನು ಹೊಸದಾಗಿ ಮಾಡಿ ಪ್ರಯೋಜನವಿಲ್ಲ. ನಿಯಮವನ್ನು ಕಟ್ಟಿದ್ದೇ ಅದಕ್ಕಿಂತ ಹೊಸ ಪೆಟ್ಟುಗಳ ಮೇಲೆ.